ಸ್ಕ್ರೀನ್ ಮೇಲೆ 2.60, ಕೈಗೆ ಎಷ್ಟು?

ನನ್ನ ಚಿಕ್ಕಪ್ಪನ ಮಗ ಒಂದಿನ ಫೋನ್ ಮಾಡಿ "ಅಣ್ಣ, ಒಂದ್ ಷೇರು ಮಾರ್ಬೇಕು, ಆರ್ಡರ್ ಹಾಕೋಕೆ ಯಾಕೋ ಭಯ ಆಗ್ತಿದೆ, ಒಂಚೂರು ನೋಡ್ತೀಯಾ" ಅಂದ. ಭಯ ಯಾಕೆ ಅಂದ್ರೆ ಸರಿಯಾಗಿ ಹೇಳೋಕೆ ಬರ್ಲಿಲ್ಲ ಅವನಿಗೆ. ಹೋಗಿ ಪಕ್ಕದಲ್ಲಿ ಕೂತು ನೋಡಿದೆ. ಒಂದು ಸಣ್ಣ ಕಂಪನಿ, ಹೆಸರು ಬೇಡ, 6000 ಷೇರು ತಗೊಂಡಿದ್ದ, ಸರಾಸರಿ 2.30ಕ್ಕೆ. ಸ್ಕ್ರೀನ್ ಮೇಲೆ ಕೊನೇ ಬೆಲೆ 2.60 ತೋರಿಸ್ತಿತ್ತು, ಪಕ್ಕದಲ್ಲಿ ಹಸಿರು ಬಣ್ಣದಲ್ಲಿ ಲಾಭ. ಕರೆನ್ಸಿ ಯಾವುದಾದ್ರೂ ಲೆಕ್ಕ ಒಂದೇ, ಅದಕ್ಕೆ ಬರೀ ಸಂಖ್ಯೆ ಬರೀತಾ ಹೋಗ್ತೀನಿ. 6000 ಗುಣಿಸು 2.60, ಅಂದ್ರೆ 15,600. ಅವನ ಪ್ರಕಾರ ಅದು ಅವನ ದುಡ್ಡು.

"ಆರ್ಡರ್ ಬುಕ್ ತೆಗಿ" ಅಂದೆ. ತೆಗೆದ. ಯಾರು ಯಾವ ಬೆಲೆಗೆ ಎಷ್ಟು ಷೇರು ಕೊಳ್ಳೋಕೆ, ಮಾರೋಕೆ ಕಾಯ್ತಿದ್ದಾರೆ ಅನ್ನೋ ಪಟ್ಟಿ ಅದು. ಕೊಳ್ಳೋರ ಕಡೆ ನಾಲ್ಕೇ ಸಾಲು ಇತ್ತು. 1.90ಕ್ಕೆ 2000 ಷೇರು ಬೇಕು ಅಂತ ಒಂದು, 1.75ಕ್ಕೆ 1500, 1.50ಕ್ಕೆ 3000, 1.20ಕ್ಕೆ 1000. ಅದರ ಕೆಳಗೆ ಖಾಲಿ. 2.60ಕ್ಕೆ ತಗೊಳ್ಳೋರು ಒಬ್ಬರೂ ಇಲ್ಲ, 2.50ಕ್ಕೂ ಇಲ್ಲ, 2ಕ್ಕೂ ಇಲ್ಲ.

ಇದನ್ನ ನೋಡಿ ಅವನ ಮುಖ ಹೆಂಗಾಯ್ತು ಅಂತ ಬರೆಯೋಕೆ ಹೋಗಲ್ಲ. ಲೆಕ್ಕ ಮಾತ್ರ ಹೇಳ್ತೀನಿ. ಆ ಕ್ಷಣದಲ್ಲಿ ಮಾರ್ಕೆಟ್ ಆರ್ಡರ್, ಅಂದ್ರೆ ಸಿಕ್ಕ ಬೆಲೆಗೆ ಮಾರಿಬಿಡು ಅನ್ನೋ ಆರ್ಡರ್ ಹಾಕಿ 6000 ಷೇರನ್ನೂ ಮಾರಿದ್ರೆ ಮೊದಲ 2000ಕ್ಕೆ 3800, ಮುಂದಿನ 1500ಕ್ಕೆ 2625, ಉಳಿದ 2500ಕ್ಕೆ 3750 ಸಿಗತ್ತೆ. ಒಟ್ಟು 10,175. ಸ್ಕ್ರೀನ್ ತೋರಿಸ್ತಿದ್ದ 15,600ರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಾರೋ ಕ್ಷಣದಲ್ಲೇ ಮಾಯ. ಯಾವ ಕೆಟ್ಟ ಸುದ್ದಿಯೂ ಬಂದಿಲ್ಲ, ಕಂಪನಿಗೆ ಏನೂ ಆಗಿಲ್ಲ, ಮಾರೋಕೆ ಹೋದ ಅಷ್ಟೇ.

ಇಂಥ ತೀರಾ ಕಮ್ಮಿ ಬೆಲೆಯ ಷೇರಿಗೆ ಪೆನ್ನಿ ಸ್ಟಾಕ್ ಅಂತಾರೆ, ಅದರ ಬಗ್ಗೆ ಮಾತಾಡೋವಾಗ ಎಲ್ಲರೂ ಕಂಪನಿ ಸರಿಯಿಲ್ಲ, ಪ್ರಮೋಟರ್ ಮೋಸಗಾರ, ಬ್ಯಾಲೆನ್ಸ್ ಶೀಟ್ ಸುಳ್ಳು ಅಂತೆಲ್ಲ ಹೇಳ್ತಾರೆ, ಅದೂ ಎಷ್ಟೋ ಸಲ ನಿಜ. ಆದ್ರೆ ನನಗೆ ಅವತ್ತಿಂದ ತಲೆಯಲ್ಲಿ ಕೂತಿರೋದು ಆ ನಾಲ್ಕು ಸಾಲು. ಬೆಲೆ ಅಂತ ನಾವು ಯಾವುದನ್ನ ಕರೀತೀವೋ ಅದು ಕೊನೇ ಸಲ ಯಾರೋ ಇಬ್ಬರ ಮಧ್ಯೆ ಆದ ವ್ಯಾಪಾರದ ಬೆಲೆ. ದಿನಕ್ಕೆ ಕೋಟಿಗಟ್ಟಲೆ ಷೇರು ಕೈ ಬದಲಾಗೋ ದೊಡ್ಡ ಕಂಪನಿಯಲ್ಲಿ ಆ ಇಬ್ಬರ ಹಿಂದೆ ಸಾವಿರಾರು ಜನ ಸಾಲಲ್ಲಿ ನಿಂತಿರ್ತಾರೆ, ಹಾಗಾಗಿ ಆ ಬೆಲೆಗೆ ನಮಗೂ ಮಾರೋಕಾಗತ್ತೆ. ಇಲ್ಲಿ ಆ ಇಬ್ಬರು ವ್ಯಾಪಾರ ಮುಗಿಸಿ ಎದ್ದು ಹೋದ್ಮೇಲೆ ಹಿಂದೆ ಯಾರೂ ಇಲ್ಲ.

ಈಗ ಇದನ್ನೇ ತಿರುಗಿಸಿ ನೋಡಿ, ಬೆಲೆ ಏರಿಸೋದು ಎಷ್ಟು ಸುಲಭ ಅಂತ. ಒಂದು ಕಾಲ್ಪನಿಕ ಕಂಪನಿ ಇಟ್ಕೊಳ್ಳಿ, ಒಟ್ಟು 5 ಕೋಟಿ ಷೇರು, ಬೆಲೆ 2. ಮಾರೋರ ಸಾಲಿನಲ್ಲಿ 2.00ಕ್ಕೆ 5000 ಷೇರು ಇದೆ, 2.10ಕ್ಕೆ 3000, 2.25ಕ್ಕೆ 2000, 2.60ಕ್ಕೆ 4000. ಯಾರೋ ಒಬ್ಬ ಬಂದು ಈ ನಾಲ್ಕೂ ಸಾಲನ್ನ ಗುಡಿಸಿ ತಗೊಂಡ. 10,000, 6300, 4500, 10,400, ಒಟ್ಟು ಖರ್ಚು 31,200. ಬೆಲೆ 2ರಿಂದ 2.60 ಆಯ್ತು, ಒಂದೇ ದಿನಕ್ಕೆ 30 ಪರ್ಸೆಂಟ್. ಮಾರ್ಕೆಟ್ ಕ್ಯಾಪ್ ಅಂದ್ರೆ ಕೊನೇ ಬೆಲೆಯನ್ನ ಒಟ್ಟು ಷೇರಿಗೆ ಗುಣಿಸೋದು ತಾನೇ, ಅದು 10 ಕೋಟಿಯಿಂದ 13 ಕೋಟಿ ಆಯ್ತು. 31,200 ಖರ್ಚು ಮಾಡಿ ಕಾಗದದ ಮೇಲೆ 3 ಕೋಟಿ ಸೃಷ್ಟಿ ಮಾಡಿದ. ಅವತ್ತು ಸಂಜೆ ಅತಿ ಹೆಚ್ಚು ಏರಿದ ಷೇರುಗಳ ಪಟ್ಟಿಯಲ್ಲಿ ಈ ಹೆಸರು ಬರತ್ತೆ, ಆ ಪಟ್ಟಿ ನೋಡೋಕೇ ಅಂತ ದಿನಾ ಕೂರೋ ಜನ ಇದ್ದಾರೆ.

ಇನ್ನೊಂದು ವಿಷಯ ಇದೆ. ಆ 14,000 ಷೇರು ಮಾರಿದ ಖಾತೆಗಳೂ ಅವನವೇ ಆಗಿದ್ರೆ? ಬೇರೆ ಹೆಸರಲ್ಲಿ, ಬೇರೆ ಬ್ರೋಕರ್ ಹತ್ತಿರ. ಆಗ 31,200 ಕೂಡ ಖರ್ಚಾಗಿಲ್ಲ, ಒಂದು ಜೇಬಿಂದ ಇನ್ನೊಂದು ಜೇಬಿಗೆ ಹೋಗಿದೆ, ಕಮಿಷನ್ನು ಟ್ಯಾಕ್ಸು ಅಷ್ಟೇ ಹೋಗಿರೋದು. ಒಬ್ಬನೇ ಎರಡೂ ಕಡೆ ಇದ್ರೆ ಅದಕ್ಕೆ ವಾಶ್ ಟ್ರೇಡ್ ಅಂತಾರೆ, ಮೊದಲೇ ಮಾತಾಡಿಕೊಂಡು ಇಬ್ಬರು ಒಂದೇ ಹೊತ್ತಿಗೆ ಒಂದೇ ಬೆಲೆಗೆ ಆರ್ಡರ್ ಹಾಕಿದ್ರೆ ಮ್ಯಾಚ್ಡ್ ಟ್ರೇಡ್. ಹೊರಗಿಂದ ನೋಡೋರಿಗೆ ಎರಡೂ ವಾಲ್ಯೂಮ್, ಅಂದ್ರೆ ನಿಜವಾದ ವ್ಯಾಪಾರದ ಪ್ರಮಾಣದ ಥರಾನೇ ಕಾಣತ್ತೆ, "ನೋಡಿ ವಾಲ್ಯೂಮ್ ಜೊತೆ ಬ್ರೇಕೌಟ್ ಆಗ್ತಿದೆ" ಅಂತ, ಅಂದ್ರೆ ಬೆಲೆ ಹಳೇ ಮಟ್ಟ ಒಡೆದು ಮೇಲೆ ಹೋಗ್ತಿದೆ ಅಂತ ಚಾರ್ಟ್ ಓದೋರು ಹೇಳೋದು ಇದನ್ನೇ ನೋಡಿ.

ಇದನ್ನ ಮಾಡೋನಿಗೆ ಆಪರೇಟರ್ ಅಂತಾರೆ. ಅವನಿಗೆ ಬೆಲೆ ಏರಿಸೋದು ಕಷ್ಟದ ಕೆಲಸ ಅಲ್ಲ ಅನ್ನೋದು ಮೇಲಿನ ಲೆಕ್ಕದಲ್ಲೇ ಗೊತ್ತಾಯ್ತು. ಅವನ ಕಷ್ಟ ಏನಂದ್ರೆ ನನ್ನ ತಮ್ಮನ ಕಷ್ಟವೇ, ಮಾರೋದು. ಅವನ ಹತ್ತಿರ ಮಾರೋಕೆ 20 ಲಕ್ಷ ಷೇರು ಇದೆ ಅಂದ್ಕೊಳ್ಳಿ, ಬೆಲೆ 40 ಪೈಸೆ ಲೆಕ್ಕದಲ್ಲಿ ಇದ್ದಾಗ ನಿಧಾನಕ್ಕೆ ಗುಡ್ಡೆ ಹಾಕಿದ್ದು, ಅಸಲು 8 ಲಕ್ಷ. ಸ್ಕ್ರೀನ್ ಮೇಲೆ 2.60 ಮಾಡಿದ್ದಾನೆ, ಆದ್ರೆ ಕೊಳ್ಳೋರ ಸಾಲಿನಲ್ಲಿ ಇರೋದು 7500 ಷೇರಿನ ಬೇಡಿಕೆ. 20 ಲಕ್ಷ ಎಲ್ಲಿ 7500 ಎಲ್ಲಿ. ಈಗ ಮಾರೋಕೆ ಹೋದ್ರೆ ಅವನು ಕಟ್ಟಿದ ಬೆಲೆ ಅವನ ಕೈಯಲ್ಲೇ ಕುಸಿಯತ್ತೆ.

ಅದಕ್ಕೇ ಮೆಸೇಜುಗಳು ಬರೋದು. ಗ್ರೂಪಲ್ಲಿ ಟಾರ್ಗೆಟ್, ವಿಡಿಯೋದಲ್ಲಿ ದೊಡ್ಡ ಆರ್ಡರ್ ಸಿಗೋ ಸುದ್ದಿ, "ಬೇಗ ತಗೊಳ್ಳಿ ನಾಳೆ ಸಿಗಲ್ಲ". ತುಂಬಾ ಜನ ಈ ಟಿಪ್ಸ್ ಬರೋದು ಬೆಲೆ ಏರಿಸೋಕೆ ಅಂದ್ಕೊಂಡಿದ್ದಾರೆ, ನಾನೂ ಹಾಗೇ ಅಂದ್ಕೊಂಡಿದ್ದೆ. ಅದು ಬರೋದು ಕೊಳ್ಳೋರನ್ನ ಕರ್ಕೊಂಡು ಬರೋಕೆ. ಸಾವಿರ ಜನ ಬಂದು ತಲಾ 2000 ಷೇರು ತಗೊಂಡ್ರೆ ಅವನ 20 ಲಕ್ಷ ಖಾಲಿ. ಸರಾಸರಿ 1.80ಕ್ಕೆ ಹೋಯ್ತು ಅಂದ್ರೂ 36 ಲಕ್ಷ, ಅಸಲು ಕಳೆದು 28 ಲಕ್ಷ. ಒಬ್ಬೊಬ್ಬರು ಹಾಕಿದ್ದು 3600, ಅಂಥಾ ದೊಡ್ಡ ಮೊತ್ತ ಅಲ್ಲ, ಹೋದ್ರೆ ಹೋಯ್ತು ಅಂತ ಸುಮ್ಮನಾಗೋ ಅಷ್ಟು, ದೂರು ಕೊಡೋಕೆ ಓಡಾಡೋಕೆ ಯಾರೂ ಹೋಗಲ್ಲ. ನಾವು ಟಿಪ್ ನಂಬಿ "ಎಂಟ್ರಿ" ತಗೊಂಡ್ವಿ ಅಂತ ಹೇಳ್ತೀವಲ್ಲ, ನಮ್ಮ ಆ ಎಂಟ್ರಿನೇ ಅವನ ಎಕ್ಸಿಟ್ಟು. ಇದಕ್ಕೇ ಪಂಪ್ ಅಂಡ್ ಡಂಪ್ ಅನ್ನೋದು, ಹೆಸರಲ್ಲಿ ಎರಡು ಹಂತ ಇದ್ರೂ ಡಂಪ್ ಆಗೋದು ಬೆಲೆ ಬಿದ್ದ ಮೇಲಲ್ಲ, ಬೆಲೆ ಮೇಲಿರೋವಾಗ, ಎಲ್ಲರೂ ಖುಷಿಯಲ್ಲಿರೋವಾಗಲೇ ಆಗಿ ಮುಗಿದಿರತ್ತೆ. ಬೀಳೋದು ಆಮೇಲೆ, ಬೆಲೆಯನ್ನ ಎತ್ತಿ ಹಿಡ್ಕೊಂಡಿದ್ದೋನು ಕೈ ತೆಗೆದ ಮೇಲೆ.

ಸರಿ, ಇಷ್ಟೆಲ್ಲ ಸುಳ್ಳು ಬೆಲೆ ಇದ್ರೆ ಬುದ್ಧಿವಂತರು ಯಾಕೆ ಬಂದು ಸರಿ ಮಾಡಲ್ಲ? ದೊಡ್ಡ ಕಂಪನಿಯ ಬೆಲೆ ಅತಿಯಾದ್ರೆ ಯಾರಾದ್ರೂ ಬಂದು ಶಾರ್ಟ್ ಮಾಡ್ತಾರೆ, ಅಂದ್ರೆ ಷೇರನ್ನ ಸಾಲ ತಗೊಂಡು ಈಗ ಮಾರಿ, ಬಿದ್ದ ಮೇಲೆ ಕೊಂಡು ವಾಪಸ್ ಕೊಟ್ಟು ಲಾಭ ಮಾಡ್ಕೊಳ್ತಾರೆ, ಆ ಮಾರಾಟದ ಒತ್ತಡಕ್ಕೆ ಬೆಲೆ ಕೆಳಗೆ ಬರತ್ತೆ. ಪುಟ್ಟ ಕಂಪನಿಯಲ್ಲಿ ಸಾಲ ಕೊಡೋಕೆ ಷೇರೇ ಇರಲ್ಲ, ಎಷ್ಟೋ ಸಲ ಹೆಚ್ಚಿನ ಪಾಲು ಕಂಪನಿ ಒಳಗಿನವರ ಕೈಯಲ್ಲೇ ಇರತ್ತೆ. ದೊಡ್ಡ ಫಂಡುಗಳಿಗೂ ಇದು ಬೇಡ, ಅವರ ಗಾತ್ರಕ್ಕೆ ಇಲ್ಲಿ ಕೊಳ್ಳೋಕೆ ಸಿಗೋದು ಏನೇನೂ ಸಾಲಲ್ಲ. ಫಂಡುಗಳು ಬರಲ್ಲ ಅಂದ್ಮೇಲೆ ಕೂತು ವರದಿ ಬರೆಯೋ ಅನಲಿಸ್ಟುಗಳೂ ಬರಲ್ಲ, ಬರೆದ್ರೆ ಓದೋರು ಯಾರು. ಹೀಗೆ ಬೆಲೆ ಕಾಯೋರು ಯಾರೂ ಇಲ್ಲದ ಜಾಗ ಅದು, ಉಳಿಯೋದು ಆಪರೇಟರ್ ಮತ್ತು ನಮ್ಮಂಥವರು.

ಇದು ಎಲ್ಲಿವರೆಗೆ ಹೋಗಬಹುದು ಅನ್ನೋದಕ್ಕೆ ಅಮೆರಿಕದ ನ್ಯೂಜೆರ್ಸಿಯ ಒಂದು ಅಂಗಡಿ ಕಥೆ ಇದೆ. ಪಾಲ್ಸ್‌ಬೊರೊ ಅನ್ನೋ ಊರಲ್ಲಿ ಒಂದು ಡೆಲಿ, ಸ್ಯಾಂಡ್‌ವಿಚ್ ಮಾರೋ ಸಣ್ಣ ಅಂಗಡಿ. ಅದರ ಒಡೆತನದ ಕಂಪನಿ ಹೆಸರು ಹೋಮ್‌ಟೌನ್ ಇಂಟರ್‌ನ್ಯಾಷನಲ್, ಇದ್ದದ್ದು ಆ ಒಂದೇ ಅಂಗಡಿ. 2019ರಲ್ಲಿ ಅದರ ಮಾರಾಟ 21,772 ಡಾಲರ್, 2020ರಲ್ಲಿ ಕೊರೋನಾದಿಂದ ತಿಂಗಳುಗಟ್ಟಲೆ ಮುಚ್ಚಿದ್ದಾಗ 13,976 ಡಾಲರ್. ಇದು ಲಾಭ ಅಲ್ಲ, ಒಟ್ಟು ವ್ಯಾಪಾರ. ಆ ಕಂಪನಿಯ ಮಾರ್ಕೆಟ್ ಕ್ಯಾಪ್ 2021ರಲ್ಲಿ 10 ಕೋಟಿ ಡಾಲರ್ ದಾಟಿತ್ತು. ಒಟ್ಟು ಷೇರು ಸುಮಾರು 78 ಲಕ್ಷ, ಎಕ್ಸ್‌ಚೇಂಜಿನ ಹೊರಗಿನ ಓವರ್ ದ ಕೌಂಟರ್ ಮಾರ್ಕೆಟ್ಟಲ್ಲಿ ಬೆಲೆ 13, 14 ಡಾಲರ್ ಹತ್ತಿರ ಓಡಾಡ್ತಿತ್ತು. ಹೆಚ್ಚಿನ ದಿನ ಕೈ ಬದಲಾಗ್ತಿದ್ದದ್ದು ತೀರಾ ಕಮ್ಮಿ ಷೇರು, ಆದ್ರೆ ಗುಣಿಸೋದು ಮಾತ್ರ ಪೂರ್ತಿ 78 ಲಕ್ಷಕ್ಕೆ.

2021ರ ಏಪ್ರಿಲ್‌ನಲ್ಲಿ ಹೆಡ್ಜ್ ಫಂಡ್ ನಡೆಸೋ ಡೇವಿಡ್ ಐನ್‌ಹಾರ್ನ್ ತಮ್ಮ ಹೂಡಿಕೆದಾರರಿಗೆ ಬರೆದ ಪತ್ರದಲ್ಲಿ ಈ ಅಂಗಡಿ ಬಗ್ಗೆ ಬರೆದ ಮೇಲೇ ಜಗತ್ತಿನ ಕಣ್ಣಿಗೆ ಬಿದ್ದಿದ್ದು. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಕಾರಿ ವಕೀಲರು ಮೂವರ ಮೇಲೆ ಕೇಸು ಹಾಕಿದ್ರು. ಆರೋಪ ಓದಿದ್ರೆ ಮೇಲೆ ನಾನು ಹೇಳಿದ ಪಾಠವೇ: ಷೇರುಗಳನ್ನ ಬೇರೆ ಬೇರೆ ಹೆಸರಿನ ಖಾತೆಗಳಿಗೆ ಹಾಕಿ, ತಮ್ಮತಮ್ಮಲ್ಲೇ ವಾಶ್ ಟ್ರೇಡು ಮ್ಯಾಚ್ಡ್ ಟ್ರೇಡು ಮಾಡಿ, ಬೆಲೆಯನ್ನ ಸುಮಾರು 939 ಪರ್ಸೆಂಟ್ ಉಬ್ಬಿಸಿದ್ರು ಅಂತ. ಅದೇ ಕೇಸಲ್ಲಿ ಅವರ ಇನ್ನೊಂದು ಕಂಪನಿ ಇ-ವೇಸ್ಟ್ ಕಾರ್ಪ್, ಅದು 19,900 ಪರ್ಸೆಂಟ್. ಇಲ್ಲಿ ಉದ್ದೇಶ ಮಾತ್ರ ಸ್ವಲ್ಪ ಬೇರೆ. ಸಾಮಾನ್ಯ ಜನಕ್ಕೆ ಚಿಲ್ಲರೆ ಚಿಲ್ಲರೆಯಾಗಿ ಸುರಿಯೋದರ ಬದಲು, ಬರೀ ಹೊರಗಿನ ಚಿಪ್ಪಿನಂಥ ಈ ಕಂಪನಿ ಜೊತೆ ಯಾವುದಾದ್ರೂ ಖಾಸಗಿ ಕಂಪನಿ ವಿಲೀನ ಆಗೋ ಹಾಗೆ ಮಾಡಿ ಆಮೇಲೆ ಷೇರು ಮಾರೋ ಯೋಜನೆ ಅಂತ ಆರೋಪ.

ನನ್ನನ್ನ ಕಾಡೋದು ಏನಂದ್ರೆ ಈ ಅಂಗಡಿಯ ಲೆಕ್ಕ ಗುಟ್ಟಾಗಿರಲಿಲ್ಲ. 21,772 ಅನ್ನೋದು ಕಂಪನಿನೇ ಸಲ್ಲಿಸಿದ ವರದಿಯಲ್ಲಿ ಇದ್ದ ಸಂಖ್ಯೆ. ಯಾರು ಬೇಕಾದ್ರೂ ಓದಬಹುದಿತ್ತು. ಓದಿದೋರೂ ಏನು ಮಾಡೋಕಾಗ್ತಿತ್ತು, ಶಾರ್ಟ್ ಮಾಡೋಕೆ ಷೇರು ಸಿಗಲ್ಲ, ಸುಮ್ಮನೆ ನೋಡ್ತಾ ಕೂರಬೇಕು. ಮಾಹಿತಿ ಇದ್ದ ಮಾತ್ರಕ್ಕೆ ಬೆಲೆ ಸರಿಯಾಗಲ್ಲ.

ಇನ್ನು ಬೆಲೆ ಕಮ್ಮಿ ಅನ್ನೋ ಆಸೆ. ಅಮೆರಿಕದಲ್ಲಿ ಸಾಮಾನ್ಯವಾಗಿ 5 ಡಾಲರ್‌ಗಿಂತ ಕಮ್ಮಿ ಇರೋ ಷೇರಿಗೆ ಪೆನ್ನಿ ಸ್ಟಾಕ್ ಅಂತಾರೆ, 1990ರಲ್ಲೇ ಅದಕ್ಕಂತ ಪ್ರತ್ಯೇಕ ಕಾನೂನು ಮಾಡಿ, ಮಾರೋ ಮುಂಚೆ ಅಪಾಯದ ವಿವರ ಕೊಡಬೇಕು ಅಂತ ಬ್ರೋಕರ್‌ಗಳಿಗೆ ಕಟ್ಟುನಿಟ್ಟು ಮಾಡಿದ್ರು. ಜನಕ್ಕೆ ಕಾಣೋದು ಮಾತ್ರ "ಇಷ್ಟು ದುಡ್ಡಿಗೆ ಎಷ್ಟೊಂದು ಷೇರು ಬರತ್ತೆ" ಅನ್ನೋದು. ಬೆಲೆ ಇಷ್ಟು ಕೆಳಗಿದ್ರೆ ಒಂದು ತಮಾಷೆಯಲ್ಲದ ಲೆಕ್ಕ ಶುರುವಾಗತ್ತೆ. ಕೊಳ್ಳೋನು 0.04 ಕೊಡ್ತೀನಿ ಅಂತಾನೆ, ಮಾರೋನು 0.05 ಕೇಳ್ತಾನೆ, ಮಧ್ಯೆ ಬರೀ ಒಂದು ಪೈಸೆ. 0.05ಕ್ಕೆ ಕೊಂಡು ತಕ್ಷಣ ಮಾರಿದ್ರೆ 0.04, ಅಂದ್ರೆ ಕೊಂಡ ನಿಮಿಷಕ್ಕೇ 20 ಪರ್ಸೆಂಟ್ ನಷ್ಟ. ಏನೂ ಆಗದೇನೇ. ಈ ಅಂತರಕ್ಕೆ ಸ್ಪ್ರೆಡ್ ಅಂತಾರೆ, ದೊಡ್ಡ ಷೇರಲ್ಲಿ ಇದು ಗಮನಕ್ಕೇ ಬರದಷ್ಟು ಸಣ್ಣದು.

ಆಮೇಲೆ "ಇವತ್ತಿನ ದೈತ್ಯ ಕಂಪನಿಗಳೂ ಒಂದು ಕಾಲದಲ್ಲಿ ಪೆನ್ನಿ ಸ್ಟಾಕೇ ಆಗಿತ್ತು" ಅಂತ ಒಂದು ಮಾತು ಓಡಾಡತ್ತೆ. ತಮ್ಮನೂ ಇದನ್ನ ಹೇಳಿದ, ಚಾರ್ಟ್ ತೋರಿಸಿದ, ಅಮೆಜಾನ್ 1997ರಲ್ಲಿ 0.07, 0.08 ಆಸುಪಾಸಲ್ಲಿತ್ತು ನೋಡು ಅಂತ. ಚಾರ್ಟಲ್ಲಿ ಹಾಗೇ ಕಾಣೋದು ನಿಜ. ಆದ್ರೆ 1997ರ ಮೇ ತಿಂಗಳಲ್ಲಿ ಅಮೆಜಾನ್ ಐಪಿಒಗೆ ಬಂದಾಗ, ಅಂದ್ರೆ ಮೊದಲ ಸಲ ಜನರಿಗೆ ಷೇರು ಮಾರಿದಾಗ ಬೆಲೆ 18 ಡಾಲರ್. ಆಮೇಲೆ ನಾಲ್ಕು ಸಲ ಷೇರು ಸ್ಪ್ಲಿಟ್ ಆಯ್ತು, 1998ರಲ್ಲಿ ಒಂದಕ್ಕೆ ಎರಡು, 1999ರಲ್ಲಿ ಒಂದಕ್ಕೆ ಮೂರು ಮತ್ತೆ ಒಂದಕ್ಕೆ ಎರಡು, 2022ರಲ್ಲಿ ಒಂದಕ್ಕೆ ಇಪ್ಪತ್ತು. ಗುಣಿಸಿದ್ರೆ ಅವತ್ತಿನ ಒಂದು ಷೇರು ಇವತ್ತಿನ 240. ಚಾರ್ಟ್ ಹಳೇ ಬೆಲೆಯನ್ನೆಲ್ಲ 240ರಿಂದ ಭಾಗಿಸಿ ತೋರಿಸತ್ತೆ, 18 ಭಾಗಿಸು 240, 0.075. ಆ ಬೆಲೆಗೆ ಅದನ್ನ ಯಾರೂ ಯಾವತ್ತೂ ಕೊಂಡಿಲ್ಲ. ಈ ಒಂದು ತಪ್ಪು ತಿಳುವಳಿಕೆಯಿಂದ ಎಷ್ಟು ಜನ ದುಡ್ಡು ಕಳ್ಕೊಂಡಿದ್ದಾರೋ, ನನಗೆ ನಿಜವಾಗ್ಲೂ ಸಂಕಟ ಆಗತ್ತೆ, ಯಾಕಂದ್ರೆ ಇದನ್ನ ಹೇಳಿ ಆಸೆ ಹುಟ್ಟಿಸೋರಲ್ಲಿ ಕೆಲವರಿಗೆ ಸ್ಪ್ಲಿಟ್ ವಿಷಯ ಚೆನ್ನಾಗೇ ಗೊತ್ತಿರತ್ತೆ.

ಹಾಗಾದ್ರೆ ಕೊಳ್ಳೋ ಮುಂಚೆ ಹೆಂಗೆ ಗೊತ್ತಾಗತ್ತೆ? ನಾನು ಈಗ ನೋಡೋದು ಮೊದಲು ಒಂದೇ ಲೆಕ್ಕ. ಟಿಪ್ಸು ಗದ್ದಲ ಶುರುವಾಗೋಕೆ ಮುಂಚೆ, ಅಂದ್ರೆ ಎರಡು ಮೂರು ತಿಂಗಳ ಹಿಂದೆ, ದಿನಕ್ಕೆ ಸರಾಸರಿ ಎಷ್ಟು ಷೇರು ವ್ಯಾಪಾರ ಆಗ್ತಿತ್ತು. ತಮ್ಮನ ಷೇರಲ್ಲಿ ಹೋಗಿ ನೋಡಿದ್ರೆ ದಿನಕ್ಕೆ ಸುಮಾರು 1500. ಬೆಲೆ ಅಲ್ಲಾಡಿಸದೇ ಮಾರ್ಬೇಕು ಅಂದ್ರೆ ದಿನದ ವ್ಯಾಪಾರದ ಹತ್ತನೇ ಒಂದು ಭಾಗ ಮಾರಬಹುದು ಅಂತ ಇಟ್ಕೊಂಡ್ರೆ ದಿನಕ್ಕೆ 150. 6000 ಷೇರು ಖಾಲಿಯಾಗೋಕೆ 40 ದಿನ, ಅಂದ್ರೆ ಹತ್ತಿರ ಹತ್ತಿರ ಎರಡು ತಿಂಗಳ ಟ್ರೇಡಿಂಗ್. ಇತ್ತೀಚಿನ ವಾಲ್ಯೂಮ್ ತಗೊಂಡು ಈ ಲೆಕ್ಕ ಹಾಕಬಾರದು, ಅದರಲ್ಲಿ ಆಪರೇಟರ್ ಮತ್ತೆ ಅವನು ಕರ್ಕೊಂಡು ಬಂದ ಜನ ಸೇರಿರ್ತಾರೆ, ಅವರು ಹೋದ್ಮೇಲೆ ಉಳಿಯೋದು ಹಳೇ 1500ನೇ.

ಇದರ ಜೊತೆಗೆ ಒಟ್ಟು ಷೇರಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚಾಗ್ತಾ ಹೋಗ್ತಿದ್ಯಾ ಅಂತಾನೂ ನೋಡ್ತೀನಿ. ವ್ಯಾಪಾರದಲ್ಲಿ ದುಡಿಮೆ ಇಲ್ಲದ ಕಂಪನಿ ಹೊಸ ಷೇರು ಅಚ್ಚು ಹಾಕಿ ಮಾರಿನೇ ಬದುಕ್ತಿರತ್ತೆ, ಹಾಗಾದಾಗ ನಮ್ಮ ಪಾಲು ಕರಗ್ತಾನೇ ಇರತ್ತೆ. ಮತ್ತೆ ಕಂಪನಿ ಕಡೆಯಿಂದ ಯಾವ ಸುದ್ದಿಯೂ ಇಲ್ಲದೇ ಬೆಲೆ ಏರಿ, ಅದೇ ವಾರ ಗೊತ್ತಿಲ್ಲದೋರಿಂದ ಮೆಸೇಜ್ ಬಂದ್ರೆ ಅಲ್ಲಿಗೆ ನಾನು ನೋಡೋದು ನಿಲ್ಲಿಸ್ತೀನಿ.

ಇದನ್ನೂ ಹೇಳ್ಬೇಕು, ಬೆಲೆ ಜಿಗಿದ ಮಾತ್ರಕ್ಕೆ ಅದು ಮೋಸ ಅಂತ ಸಾಬೀತಾಗಲ್ಲ. ವ್ಯಾಪಾರ ಕಮ್ಮಿ ಇರೋ ಷೇರಾದ್ರೆ ಒಬ್ಬ ಪ್ರಾಮಾಣಿಕ ಮನುಷ್ಯ ನಿಜವಾಗ್ಲೂ ಬೇಕು ಅಂತ 14,000 ಷೇರು ಕೊಂಡ್ರೂ ಚಾರ್ಟಲ್ಲಿ ಅದೇ 30 ಪರ್ಸೆಂಟ್ ಜಿಗಿತ ಕಾಣತ್ತೆ. ಹೊರಗೆ ಕೂತೋರಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗೋಕೆ ದಾರಿ ಇಲ್ಲ, ಯಾವ ಖಾತೆ ಯಾರದ್ದು ಅಂತ ತನಿಖೆ ಮಾಡೋರಿಗೆ ಮಾತ್ರ ಗೊತ್ತಾಗೋದು, ಅದೂ ಡೆಲಿ ಕೇಸಿನ ಥರ ವರ್ಷ ಕಳೆದ ಮೇಲೆ. ಒಳ್ಳೇ ಸಣ್ಣ ಕಂಪನಿಗಳೂ ಇವೆ, ದುಡಿಯೋರು, ಲೆಕ್ಕ ಸರಿಯಾಗಿ ಕೊಡೋರು. ಅವುಗಳಲ್ಲೂ ಮಾರೋ ಕಷ್ಟ ಹಾಗೇ ಇರತ್ತೆ, ಅದು ಕಂಪನಿಯ ಗುಣಕ್ಕೆ ಸಂಬಂಧಪಟ್ಟಿದ್ದಲ್ಲ.

ಅವತ್ತು ತಮ್ಮ ಏನು ಮಾಡಿದ ಅಂತ ಹೇಳ್ಬೇಕಲ್ಲ. ಅವನು ಮಾರ್ಕೆಟ್ ಆರ್ಡರ್ ಒತ್ತೋಕೆ ಹೋದ, ನಾನು ತಡೆದೆ. "ಬೇಡ ಕಣೋ, ಲಿಮಿಟ್ ಹಾಕಿ ಸ್ವಲ್ಪ ಸ್ವಲ್ಪ ಮಾರು" ಅಂದೆ, ಲಿಮಿಟ್ ಅಂದ್ರೆ ನಾವು ಹೇಳಿದ ಬೆಲೆಗಿಂತ ಕಮ್ಮಿಗೆ ಮಾರಬೇಡ ಅನ್ನೋ ಆರ್ಡರ್, ಪುಸ್ತಕದ ಪ್ರಕಾರ ಅದೇ ಸರಿ. 1.90ಕ್ಕೆ 2000 ಹೋಯ್ತು. 1.75ಕ್ಕೆ 1500 ಹಾಕಿದ್ವಿ, 900 ಹೋಗ್ತಿದ್ದ ಹಾಗೇ ಆ ಸಾಲು ಮಾಯ ಆಯ್ತು, ಯಾರೋ ಆರ್ಡರ್ ವಾಪಸ್ ತಗೊಂಡ್ರು. ಒಂದು ನಿಮಿಷದಲ್ಲಿ 1.50ರ 3000 ಕೂಡ ಇಲ್ಲ. ನಾಳೆ ನೋಡೋಣ ಅಂದೆ. ಮಾರನೇ ದಿನ ಕೊಳ್ಳೋರೇ ಇಲ್ಲ. ಮುಂದಿನ ವಾರ 0.85ಕ್ಕೆ 1800 ಹೋಯ್ತು. ಮೂರೂ ಸೇರಿ 6905, ಅವನು ಹಾಕಿದ್ದು 13,800. ಮೊದಲೇ ಒತ್ತಿದ್ರೆ ಬಹುಶಃ 10,175ರ ಹತ್ತಿರ ಸಿಗ್ತಿತ್ತು, ಅಥವಾ ಒತ್ತಿದ ಕೂಡ್ಲೇ ಆ ಸಾಲುಗಳು ಹಾಗೇ ಮಾಯ ಆಗ್ತಿದ್ವೋ ಏನೋ. ಅವನು ಯಾವತ್ತೂ ಈ ಬಗ್ಗೆ ನನ್ನ ಹತ್ತಿರ ಒಂದು ಮಾತು ಆಡಿಲ್ಲ, ಆದ್ರೆ ಆ ಸಲಹೆ ಕೊಟ್ಟಿದ್ದು ನಾನು ಅನ್ನೋದು ನನಗೆ ಮರೆತಿಲ್ಲ.

ಉಳಿದ 1300 ಷೇರು ಅವನ ಖಾತೆಯಲ್ಲೇ ಇದೆ. ಕೊನೇ ಬೆಲೆ 0.60 ಅಂತ ತೋರಿಸತ್ತೆ, ಮೌಲ್ಯ 780 ಅಂತ. ಆರ್ಡರ್ ಬುಕ್ ತೆಗೆದ್ರೆ ಕೊಳ್ಳೋರ ಕಡೆ ಒಂದು ಸಾಲೂ ಇಲ್ಲ.